ಅಪಾರ್ಟ್‌ಮೆಂಟ್ ಮಹಾಸಭೆಯ ನಡಾವಳಿ: ಯಾರು ಸೂಚಿಸಿದರು, ಎಷ್ಟು ಕೈ ಎದ್ದಿತು, ಹೇಗೆ ಬರೆಯಬೇಕು?

"ಸಾರ್, ಮೊನ್ನೆ ಜಿಬಿಎಂನಲ್ಲಿ ಮೇಂಟೆನೆನ್ಸ್ ಏರಿಸೋಕೆ ಎಲ್ಲರೂ ಒಪ್ಪಿದ್ರು. ಈಗ ಹತ್ತು ಮನೆಯವರು ನಾವು ಒಪ್ಪೇ ಇಲ್ಲ ಅಂತಿದ್ದಾರೆ. ನಡಾವಳಿಯಲ್ಲಿ 'ಸರ್ವಾನುಮತದಿಂದ' ಅಂತ ಬರೆದಿದೆ. ಏನು ಮಾಡೋದು?" ಹೊಸದಾಗಿ ಕಾರ್ಯದರ್ಶಿಯಾದವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ ಜಾತಿಯವು. ಜಗಳ ಹಣದ ಬಗ್ಗೆ ಅನಿಸುತ್ತದೆ. ಆದರೆ ಅದು ಬಗೆಹರಿಯದೆ ಉಳಿಯುವುದು ಮತ ಎಣಿಸಿದ್ದು ಎಲ್ಲೂ ಬರೆದಿಲ್ಲ ಎನ್ನುವ ಕಾರಣಕ್ಕೆ.

ನಡಾವಳಿ ಎಂದರೆ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬುದರ ಅಧಿಕೃತ ದಾಖಲೆ. ಮಾತುಕತೆಯ ವರದಿ ಅಲ್ಲ. ಇಲ್ಲಿ ನಾನು ಬೆಂಗಳೂರಿನ ಒಂದು ಸಾಮಾನ್ಯ ಅಪಾರ್ಟ್‌ಮೆಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಉದಾಹರಣೆಗೆ 96 ಮನೆ, ಎರಡು ಬ್ಲಾಕ್, ವಾರ್ಷಿಕ ಮಹಾಸಭೆ, ಅಜೆಂಡಾದಲ್ಲಿ ನಾಲ್ಕನೇ ವಿಷಯ ನಿರ್ವಹಣಾ ಶುಲ್ಕ. ಕೊನೆಯವರೆಗೂ ಇದೇ ಉದಾಹರಣೆ ಹಿಡಿದು ಹೋಗೋಣ.

1. ಮೊದಲು ನಿಮ್ಮ ಬೈಲಾ ತೆಗೆದು ಓದಿ

ಬೈಲಾ ಎಂದರೆ ನಿಮ್ಮ ಸಂಘದ ಒಳನಿಯಮ. ಕರ್ನಾಟಕದಲ್ಲಿ ಎಲ್ಲ ಅಪಾರ್ಟ್‌ಮೆಂಟ್ ಸಂಘಗಳೂ ಒಂದೇ ಕಾಯ್ದೆಯ ಕೆಳಗೆ ಇಲ್ಲ. ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿಕೊಂಡಿವೆ. ಕೆಲವು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಘೋಷಣಾ ಪತ್ರ ಮಾಡಿಕೊಂಡಿವೆ. ಸಹಕಾರ ಸಂಘವಾಗಿರುವವೂ ಇವೆ. ಹಾಗಾಗಿ ಪಕ್ಕದ ಅಪಾರ್ಟ್‌ಮೆಂಟಿನ ನಡಾವಳಿ ತಂದು ಸುಮ್ನೆ ಹೆಸರು ಬದಲಿಸಿದರೆ ಕೆಲಸ ಕೆಡುತ್ತದೆ.

ಬೈಲಾದಲ್ಲಿ ನಾಲ್ಕು ಸಂಗತಿ ಹುಡುಕಿ ಗುರುತು ಹಾಕಿಟ್ಟುಕೊಳ್ಳಿ. ಕೋರಂ ಎಷ್ಟು, ಅಂದರೆ ಸಭೆ ನಡೆಸಲು ಕನಿಷ್ಠ ಎಷ್ಟು ಜನ ಬೇಕು. ಮತ ಎಣಿಸುವುದು ಮನೆಗೆ ಒಂದರಂತೆಯೋ, ಜಾಗದ ಪಾಲಿನ ಲೆಕ್ಕದಲ್ಲೋ. ಪ್ರಾಕ್ಸಿಗೆ ಅವಕಾಶ ಇದೆಯೋ ಇಲ್ಲವೋ. ಪ್ರಾಕ್ಸಿ ಎಂದರೆ ಬರಲಾಗದ ಮಾಲೀಕರು ತಮ್ಮ ಪರವಾಗಿ ಮತ ಹಾಕಲು ಇನ್ನೊಬ್ಬರಿಗೆ ಬರೆದುಕೊಡುವ ಪತ್ರ. ಕೊನೆಯದು, ಯಾವ ವಿಷಯಕ್ಕೆ ಬರೀ ಬಹುಮತ ಸಾಕು, ಯಾವುದಕ್ಕೆ ಮೂರನೇ ಎರಡು ಭಾಗ ಬೇಕು.

ಪಾಲಿನ ಲೆಕ್ಕ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1972ರ ಕಾಯ್ದೆಯಲ್ಲಿ ಪ್ರತಿ ಮನೆಗೂ ಸಾಮಾನ್ಯ ಜಾಗದಲ್ಲಿ ಇಂತಿಷ್ಟು ಶೇಕಡಾ ಪಾಲು ಅಂತ ಘೋಷಣಾ ಪತ್ರದಲ್ಲಿ ಬರೆದಿರುತ್ತದೆ. ಆ ಕಾಯ್ದೆ "ಮಾಲೀಕರ ಬಹುಮತ" ಎಂದು ಹೇಳುವ ಕಡೆ ಅದರ ಅರ್ಥ ಆ ಶೇಕಡಾವಾರು ಮತಗಳಲ್ಲಿ 51 ಅಥವಾ ಹೆಚ್ಚು. ಮೂರು ಬೆಡ್‌ರೂಮಿನ ಮನೆಯ ಮತಕ್ಕೆ ಒಂದು ಬೆಡ್‌ರೂಮಿನ ಮನೆಗಿಂತ ತೂಕ ಜಾಸ್ತಿ. ನಿಮ್ಮ ಸಂಘ ಈ ಪದ್ಧತಿಯದಾದರೆ ಬರೀ ಕೈ ಎಣಿಸಿದರೆ ಸಾಲದು.

2. ಸಭೆಗೆ ಮೊದಲೇ ಅರ್ಧ ನಡಾವಳಿ ಬರೆದಿಟ್ಟುಕೊಳ್ಳಿ

ಇದು ವಿಚಿತ್ರ ಅನಿಸಬಹುದು. ತೀರ್ಮಾನವನ್ನು ಮೊದಲೇ ಬರೆಯಿರಿ ಅಂತಲ್ಲ. ನಿರ್ಣಯದ ಕರಡು ವಾಕ್ಯವನ್ನು ನೋಟಿಸಿನ ಜೊತೆಗೇ ಕಳಿಸಿ ಅಂತ. ಅಜೆಂಡಾದಲ್ಲಿ "ಮೇಂಟೆನೆನ್ಸ್ ಬಗ್ಗೆ" ಎಂದಷ್ಟೇ ಇದ್ದರೆ ಸಭೆಯಲ್ಲಿ ಒಬ್ಬೊಬ್ಬರು ಒಂದೊಂದಕ್ಕೆ ಕೈ ಎತ್ತಿರುತ್ತಾರೆ. ಯಾವ ವಾಕ್ಯಕ್ಕೆ ಮತ ಬಿತ್ತು ಅನ್ನುವುದೇ ಗೊತ್ತಿರುವುದಿಲ್ಲ.

ಒಳ್ಳೆಯ ನಿರ್ಣಯದ ವಾಕ್ಯದಲ್ಲಿ ಏನು, ಎಷ್ಟು, ಯಾವಾಗಿನಿಂದ, ಯಾರು ಜಾರಿ ಮಾಡಬೇಕು ಇವಿಷ್ಟೂ ಇರುತ್ತವೆ. ಖರ್ಚಿನ ನಿರ್ಣಯವಾದರೆ ಯಾವ ನಿಧಿಯಿಂದ ಎನ್ನುವುದೂ ಬೇಕು. ನಮ್ಮ ಉದಾಹರಣೆಯ ಕರಡು ಹೀಗಿರಲಿ:

"ಸೂಪರ್ ಬಿಲ್ಟ್ ಅಪ್ ವಿಸ್ತೀರ್ಣದ ಪ್ರತಿ ಚದರ ಅಡಿಗೆ ತಿಂಗಳಿಗೆ ರೂ. 3.00 ಇರುವ ನಿರ್ವಹಣಾ ಶುಲ್ಕವನ್ನು ಅಕ್ಟೋಬರ್ 1ರಿಂದ ರೂ. 3.75ಕ್ಕೆ ಏರಿಸುವುದು. ಹೊಸ ದರದ ಬಿಲ್ ಕಳಿಸುವ ಹೊಣೆ ಖಜಾಂಚಿಯವರದು."

"ಸೂಪರ್ ಬಿಲ್ಟ್ ಅಪ್" ಎನ್ನುವ ಪದ ಅಲ್ಲಿ ಸುಮ್ಮನೆ ಕೂತಿಲ್ಲ. ಬರೀ "ಚದರ ಅಡಿಗೆ" ಎಂದು ಬರೆದರೆ, ಕಾರ್ಪೆಟ್ ಏರಿಯಾ ಹಿಡಿದು ಕಡಿಮೆ ಕಟ್ಟುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಅವರದು ತಪ್ಪು ಅನ್ನಲು ನಿಮ್ಮ ಹತ್ತಿರ ಬರಹದಲ್ಲಿ ಏನೂ ಇರುವುದಿಲ್ಲ.

3. ಬಾಗಿಲಲ್ಲೇ ಮತದಾರರ ಲೆಕ್ಕ ಹಿಡಿಯಿರಿ

ಮತ ಎಣಿಕೆ ತಪ್ಪುವುದು ಎಣಿಸುವಾಗ ಅಲ್ಲ, ಸಹಿ ಮಾಡಿಸುವಾಗ. ಗಂಡ ಹೆಂಡತಿ ಇಬ್ಬರೂ ಬಂದಿರುತ್ತಾರೆ, ಇಬ್ಬರೂ ಕೈ ಎತ್ತುತ್ತಾರೆ. ಬಾಡಿಗೆದಾರರು ಆಸಕ್ತಿಯಿಂದ ಬಂದು ಕೂತಿರುತ್ತಾರೆ, ಅವರೂ ಎತ್ತುತ್ತಾರೆ. ಒಬ್ಬರೇ ಎರಡು ಮನೆಯ ಮಾಲೀಕರಾಗಿದ್ದು ಒಂದೇ ಕೈ ಎತ್ತಿರುತ್ತಾರೆ.

ಇದಕ್ಕೆ ಸುಲಭ ದಾರಿ ಕಾರ್ಡು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ ಕೂಡಲೇ ಮನೆಗೆ ಒಂದರಂತೆ, ಮನೆ ನಂಬರ್ ಬರೆದ ಬಣ್ಣದ ಕಾರ್ಡು ಕೊಡಿ. ಎರಡು ಮನೆ ಇದ್ದವರಿಗೆ ಎರಡು. ಪ್ರಾಕ್ಸಿಗೆ ಬೇರೆ ಬಣ್ಣ. ಬಾಡಿಗೆದಾರರಿಗೆ ಕಾರ್ಡು ಇಲ್ಲ, ಕುರ್ಚಿ ಇದೆ. ಮತ ಹಾಕುವಾಗ ಕೈ ಅಲ್ಲ, ಕಾರ್ಡು ಎತ್ತಬೇಕು. ಮಧ್ಯದಲ್ಲಿ ಎದ್ದು ಹೋಗುವವರು ಕಾರ್ಡನ್ನು ಬಾಗಿಲಲ್ಲಿ ವಾಪಸ್ ಕೊಡಬೇಕು. ಬಾಗಿಲಲ್ಲಿ ಕೂತವರು ಹೋದ ಸಮಯ, ಬಂದ ಸಮಯ ಬರೆದುಕೊಳ್ಳಬೇಕು. ಇಷ್ಟು ಮಾಡಿದರೆ ಯಾವ ಕ್ಷಣದಲ್ಲಿ ಕೇಳಿದರೂ ಸಭೆಯಲ್ಲಿ ಎಷ್ಟು ಮತ ಇದೆ ಅಂತ ಹೇಳಬಹುದು. ಬೈಲಾದಲ್ಲಿ ಬಾಕಿದಾರರಿಗೆ ಮತ ಇಲ್ಲ ಎಂದಿದ್ದರೆ, ಆ ಪಟ್ಟಿಯನ್ನು ಖಜಾಂಚಿ ಸಭೆಗೆ ಮೊದಲೇ ಸಹಿ ಹಾಕಿ ಕೊಡಬೇಕು. ಮತ ಹಾಕುವ ಹೊತ್ತಲ್ಲಿ "ನಿಮ್ಮದು ಬಾಕಿ ಇದೆ" ಎಂದು ಶುರು ಮಾಡಿದರೆ ಸಭೆ ಅಲ್ಲಿಗೇ ನಿಂತುಹೋಗುತ್ತದೆ.

ನಮ್ಮ ಉದಾಹರಣೆಯಲ್ಲಿ ಬೈಲಾ ಪ್ರಕಾರ ಕೋರಂ ಮೂರನೇ ಒಂದು ಭಾಗ, ಅಂದರೆ 32 ಮನೆ. ಮನೆಗೆ ಒಂದು ಮತ. ಸಭೆ ಶುರುವಾದಾಗ ಖುದ್ದಾಗಿ ಬಂದವರು 47, ಪ್ರಾಕ್ಸಿ 6. ನಡಾವಳಿಯಲ್ಲಿ "ಕೋರಂ ಇತ್ತು" ಎಂದು ಬರೆದು ಮುಗಿಸಬೇಡಿ. ಹೀಗೆ ಬರೆಯಿರಿ: "ಒಟ್ಟು 96 ಮನೆಗಳು. ಕೋರಂಗೆ ಬೇಕಾದದ್ದು 32. ಬೆಳಿಗ್ಗೆ 10.45ಕ್ಕೆ ಖುದ್ದು ಹಾಜರಿ 47, ಪ್ರಾಕ್ಸಿ 6. ಕೋರಂ ಇರುವುದನ್ನು ಅಧ್ಯಕ್ಷರು ಪ್ರಕಟಿಸಿದರು." ಕೋರಂಗೆ ಪ್ರಾಕ್ಸಿ ಸೇರಿಸಬಹುದೋ ಇಲ್ಲವೋ ಎನ್ನುವುದು ಬೈಲಾದಿಂದ ಬೈಲಾಕ್ಕೆ ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಬರೆದರೆ ಆ ತಕರಾರೇ ಏಳುವುದಿಲ್ಲ.

4. ಸೂಚಕರು, ಅನುಮೋದಕರು: ಆಗಲೇ ಕೇಳಿ, ಆಗಲೇ ಬರೆಯಿರಿ

ನಿರ್ಣಯವನ್ನು ಸಭೆಯ ಮುಂದೆ ಇಡುವವರು ಸೂಚಕರು. ಅದನ್ನು ಬೆಂಬಲಿಸಿ "ಹೌದು, ಇದನ್ನು ಸಭೆ ಕೈಗೆತ್ತಿಕೊಳ್ಳಲಿ" ಎನ್ನುವವರು ಅನುಮೋದಕರು. ಅನುಮೋದಕರಾದ ಮಾತ್ರಕ್ಕೆ ಅವರು ನಿರ್ಣಯದ ಪರ ಮತ ಹಾಕಲೇಬೇಕು ಅಂತೇನಿಲ್ಲ.

ಇಲ್ಲಿ ನಡೆಯುವ ದೊಡ್ಡ ತಪ್ಪು, ಸಭೆಯಲ್ಲಿ ಯಾರನ್ನೂ ಕೇಳದೆ ಆಮೇಲೆ ಮನೆಯಲ್ಲಿ ಕೂತು ಎರಡು ಹೆಸರು ತುಂಬುವುದು. ಮುಂದಿನ ಸಾಲಲ್ಲಿ ಕೂತಿದ್ದ ಹಿರಿಯರೊಬ್ಬರ ಹೆಸರು, ಹಿಂದಿನ ವರ್ಷದ ಅಧ್ಯಕ್ಷರ ಹೆಸರು, ಆಯಿತು ಅಲ್ವಾ? ಆಗುವುದಿಲ್ಲ. "ನಾನು ಸೂಚಿಸಿಯೇ ಇಲ್ಲ" ಎಂದು ಅವರು ಒಂದು ಮೇಲ್ ಹಾಕಿದರೆ ಆ ನಿರ್ಣಯದ ಜೊತೆಗೆ ಇಡೀ ನಡಾವಳಿಯ ಮೇಲೇ ಅನುಮಾನ ಬರುತ್ತದೆ.

ಅಧ್ಯಕ್ಷರು ಚರ್ಚೆಗೆ ಮೊದಲು ಬಾಯಿಬಿಟ್ಟು ಕೇಳಬೇಕು: "ಇದನ್ನು ಯಾರು ಸೂಚಿಸ್ತೀರಿ? ಅನುಮೋದಕರು ಯಾರು?" ಕಾರ್ಯದರ್ಶಿ ಪೂರ್ತಿ ಹೆಸರು ಮತ್ತು ಮನೆ ನಂಬರ್ ಬರೆದುಕೊಂಡು, ಗಟ್ಟಿಯಾಗಿ ಓದಿ ಹೇಳಬೇಕು. "ಎ ಬ್ಲಾಕ್ ರಾವ್ ಅವರು" ಎಂದು ಬರೆದರೆ ಯಾವ ರಾವ್? ಮನೆ ನಂಬರ್ ಇದ್ದರೆ ಗೊಂದಲ ಇಲ್ಲ. ಇವರಿಬ್ಬರೂ ಸದಸ್ಯರೇ ಎಂದು ಕಾರ್ಡು ನೋಡಿ ಖಚಿತಪಡಿಸಿಕೊಳ್ಳಿ. ಬಾಡಿಗೆದಾರರು ಸೂಚಿಸಿದ ನಿರ್ಣಯ, ಮಾಲೀಕರ ಮಗ ಅನುಮೋದಿಸಿದ ನಿರ್ಣಯ, ಇವೆಲ್ಲ ನಡಾವಳಿಗಳಲ್ಲಿ ಸಿಗುತ್ತವೆ.

5. ತಿದ್ದುಪಡಿ ಬಂದರೆ ಎರಡು ಸಲ ಮತ

ಅತಿ ಹೆಚ್ಚು ಎಡವಟ್ಟು ಆಗುವ ಜಾಗ ಇದು. ರೂ. 3.75ರ ಸೂಚನೆ ಬಂತು. ಚರ್ಚೆ ಬಿಸಿಯಾಯಿತು. ಒಬ್ಬರು ಎದ್ದು "3.50 ಸಾಕು" ಎಂದರು. ಇನ್ನೊಬ್ಬರು "ಹೌದು ಹೌದು" ಎಂದರು. ಅಧ್ಯಕ್ಷರು "ಸರಿ, ಒಪ್ಪುವವರು ಕೈ ಎತ್ತಿ" ಎಂದರು. ಈಗ ಎದ್ದ ಕೈ ಯಾವುದಕ್ಕೆ? ದರ ಇಳಿಸುವುದಕ್ಕೋ, ಇಳಿಸಿದ ದರಕ್ಕೆ ಶುಲ್ಕ ಏರಿಸುವುದಕ್ಕೋ? ಏರಿಕೆಯೇ ಬೇಡ ಎನ್ನುವವರೂ "ಏರಿಸುವುದೇ ಆದರೆ ಕಡಿಮೆ ಏರಲಿ" ಎಂದು ತಿದ್ದುಪಡಿಗೆ ಕೈ ಎತ್ತಿರುತ್ತಾರೆ. ಅವರನ್ನು ಏರಿಕೆಯ ಪರ ಎಂದು ಬರೆದರೆ ನಾಳೆ ಅವರೇ ನಿಮ್ಮ ಬಾಗಿಲು ತಟ್ಟುತ್ತಾರೆ.

ಕ್ರಮ ಹೀಗೆ. ತಿದ್ದುಪಡಿಗೂ ಒಬ್ಬ ಸೂಚಕರು, ಒಬ್ಬ ಅನುಮೋದಕರು ಬೇಕು. ಮೊದಲು ತಿದ್ದುಪಡಿಗೆ ಮಾತ್ರ ಮತ. ಅದು ಗೆದ್ದರೆ ಮೂಲ ಸೂಚನೆಯ ವಾಕ್ಯ ಬದಲಾಗುತ್ತದೆ. ಬದಲಾದ ವಾಕ್ಯವನ್ನು ಪೂರ್ತಿ ಓದಿ, ಅದಕ್ಕೆ ಎರಡನೇ ಸಲ ಮತ. ತಿದ್ದುಪಡಿ ಸೋತರೆ ಮೂಲ ವಾಕ್ಯಕ್ಕೇ ಮತ. ಮೂಲ ಸೂಚಕರು, ಅನುಮೋದಕರು ಇಬ್ಬರೂ ತಿದ್ದುಪಡಿಯನ್ನು ತಾವಾಗಿಯೇ ಒಪ್ಪಿ, ಸಭೆಯಲ್ಲಿ ಬೇರೆ ಯಾರದೂ ತಕರಾರಿಲ್ಲದಿದ್ದರೆ ಮೊದಲ ಮತದಾನ ಬಿಡಬಹುದು. ಆದರೆ ಅವರು ಒಪ್ಪಿದ್ದನ್ನು ಬರೆಯಬೇಕು.

6. ಮತ ಎಣಿಸಿ, ಕೂಡಿಸಿ ನೋಡಿ, ಆಮೇಲೆ ಪ್ರಕಟಿಸಿ

ಎಣಿಸಲು ಇಬ್ಬರಿರಲಿ. ಇಬ್ಬರೂ ಕಾರ್ಯಕಾರಿ ಸಮಿತಿಯವರೇ ಆಗಬಾರದು. ಮೂರು ಪ್ರಶ್ನೆ ಕೇಳಿ: ಪರ ಯಾರು, ವಿರುದ್ಧ ಯಾರು, ತಟಸ್ಥ ಯಾರು. ತುಂಬ ಕಡೆ ಮೂರನೆಯದನ್ನು ಕೇಳುವುದೇ ಇಲ್ಲ. ಪರ ಎಣಿಸಿ, "ಉಳಿದವರೆಲ್ಲ ವಿರುದ್ಧ" ಅಥವಾ ಇನ್ನೂ ಕೆಟ್ಟದ್ದು, "ವಿರುದ್ಧ ಯಾರೂ ಎತ್ತಲಿಲ್ಲ, ಹಾಗಾದರೆ ಎಲ್ಲರೂ ಪರ" ಎಂದು ಮುಗಿಸುತ್ತಾರೆ.

ಮೂರನ್ನೂ ಕೂಡಿಸಿದಾಗ ಆ ಹೊತ್ತಿಗೆ ಸಭೆಯಲ್ಲಿದ್ದ ಮತಗಳ ಸಂಖ್ಯೆ ಬರಬೇಕು. ನಮ್ಮ ಉದಾಹರಣೆಯಲ್ಲಿ ನಾಲ್ಕನೇ ವಿಷಯ ಬರುವ ಹೊತ್ತಿಗೆ 3 ಮನೆಯವರು ಎದ್ದು ಹೋಗಿದ್ದಾರೆ, 1 ಮನೆಯವರು ತಡವಾಗಿ ಬಂದಿದ್ದಾರೆ. ಖುದ್ದು 45, ಪ್ರಾಕ್ಸಿ 6, ಒಟ್ಟು 51. ಎಣಿಕೆಯ ಮೊತ್ತ 53 ಬಂದರೆ ಯಾರೋ ಎರಡು ಸಲ ಎತ್ತಿದ್ದಾರೆ. 49 ಬಂದರೆ ಯಾರೋ ಕಾಫಿಗೆ ಹೋಗಿದ್ದಾರೆ. ಫಲಿತಾಂಶ ಹೇಳುವ ಮೊದಲೇ ಮತ್ತೆ ಎಣಿಸಿ. ಹೇಳಿದ ಮೇಲೆ ಎಣಿಸಿದರೆ ಯಾರೂ ನಂಬುವುದಿಲ್ಲ.

ಈಗ ಈ ವಿಷಯದ ನಡಾವಳಿ ಪುಸ್ತಕದಲ್ಲಿ ಹೇಗೆ ಕಾಣಬೇಕು ನೋಡಿ. ಇಲ್ಲಿ ಮನೆ ನಂಬರ್ ಮಾತ್ರ ಹಾಕಿದ್ದೇನೆ, ನೀವು ಹೆಸರನ್ನೂ ಸೇರಿಸಿ.

> ವಿಷಯ 4: ನಿರ್ವಹಣಾ ಶುಲ್ಕ
> ಮೂಲ ಸೂಚನೆ: ಸೂಪರ್ ಬಿಲ್ಟ್ ಅಪ್ ವಿಸ್ತೀರ್ಣದ ಪ್ರತಿ ಚದರ ಅಡಿಗೆ ತಿಂಗಳಿಗೆ ರೂ. 3.00 ಇರುವ ಶುಲ್ಕವನ್ನು ಅಕ್ಟೋಬರ್ 1ರಿಂದ ರೂ. 3.75ಕ್ಕೆ ಏರಿಸುವುದು. ಬಿಲ್ ಕಳಿಸುವ ಹೊಣೆ ಖಜಾಂಚಿಯವರದು.
> ಸೂಚಕರು: ಬಿ-204. ಅನುಮೋದಕರು: ಎ-611.
> ಚರ್ಚೆ: ಭದ್ರತೆ ಮತ್ತು ಟ್ಯಾಂಕರ್ ನೀರಿನ ಖರ್ಚು ಏರಿದೆ ಎಂದು ಖಜಾಂಚಿ ವಿವರಿಸಿದರು. ಏರಿಕೆ ಜಾಸ್ತಿಯಾಯಿತು ಎಂದು ಕೆಲವು ಸದಸ್ಯರು ಹೇಳಿದರು.
> ತಿದ್ದುಪಡಿ: "ರೂ. 3.75" ಎಂಬಲ್ಲಿ "ರೂ. 3.50" ಎಂದಾಗಬೇಕು. ಸೂಚಕರು: ಎ-108. ಅನುಮೋದಕರು: ಬಿ-509.
> ತಿದ್ದುಪಡಿಗೆ ಮತ: ಪರ 33, ವಿರುದ್ಧ 15, ತಟಸ್ಥ 3, ಒಟ್ಟು 51. ತಿದ್ದುಪಡಿ ಅಂಗೀಕಾರವಾಯಿತು.
> ನಿರ್ಣಯ 4: ಸೂಪರ್ ಬಿಲ್ಟ್ ಅಪ್ ವಿಸ್ತೀರ್ಣದ ಪ್ರತಿ ಚದರ ಅಡಿಗೆ ತಿಂಗಳಿಗೆ ರೂ. 3.00 ಇರುವ ಶುಲ್ಕವನ್ನು ಅಕ್ಟೋಬರ್ 1ರಿಂದ ರೂ. 3.50ಕ್ಕೆ ಏರಿಸಲು ನಿರ್ಣಯಿಸಲಾಯಿತು. ಬಿಲ್ ಕಳಿಸುವ ಹೊಣೆ ಖಜಾಂಚಿಯವರದು.
> ತಿದ್ದಿದ ನಿರ್ಣಯಕ್ಕೆ ಮತ: ಪರ 36 (ಖುದ್ದು 32, ಪ್ರಾಕ್ಸಿ 4), ವಿರುದ್ಧ 12 (ಖುದ್ದು 10, ಪ್ರಾಕ್ಸಿ 2), ತಟಸ್ಥ 3 (ಖುದ್ದು), ಒಟ್ಟು 51.
> ನಿರ್ಣಯವು ಬಹುಮತದಿಂದ ಅಂಗೀಕಾರವಾಗಿದೆ ಎಂದು ಅಧ್ಯಕ್ಷರು ಪ್ರಕಟಿಸಿದರು. ಎ-302ರ ಸದಸ್ಯರು ತಮ್ಮ ಭಿನ್ನಮತ ದಾಖಲಿಸಲು ಕೋರಿದರು. ಕಾರಣ: ಲೆಕ್ಕಪರಿಶೋಧನೆ ಮುಗಿಯುವ ಮೊದಲು ಏರಿಕೆ ಬೇಡ.

ಇದನ್ನು ಓದಿದ ಯಾರಿಗಾದರೂ 1,200 ಚದರ ಅಡಿ ಮನೆಗೆ ತಿಂಗಳಿಗೆ ರೂ. 3,600 ಇದ್ದದ್ದು ರೂ. 4,200 ಆಗುತ್ತದೆ ಎಂದು ಲೆಕ್ಕ ಹಾಕಲು ಬರುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ.

ಚರ್ಚೆಯ ಭಾಗ ಎಷ್ಟು ಚಿಕ್ಕದಿದೆ ಗಮನಿಸಿ. ಯಾರು ಯಾರಿಗೆ ಏನೆಂದರು ಎಂದು ಬರೆಯಲು ಹೋಗಬೇಡಿ. ಒಬ್ಬರು ಸಿಟ್ಟಿನಲ್ಲಿ ಖಜಾಂಚಿಯ ಮೇಲೆ ಆರೋಪ ಮಾಡಿದ್ದನ್ನು ನೀವು ಪುಸ್ತಕಕ್ಕೆ ಇಳಿಸಿದರೆ ಅದು ಶಾಶ್ವತವಾಗಿ ಉಳಿಯುತ್ತದೆ. ಆದರೆ ಯಾರಾದರೂ "ನನ್ನ ವಿರೋಧ ದಾಖಲಾಗಲಿ" ಎಂದು ಕೇಳಿದರೆ ಹೆಸರು ಸಮೇತ ಒಂದು ಸಾಲು ಬರೆಯಲೇಬೇಕು. ಅದನ್ನು ಬಿಟ್ಟರೆ ಪಕ್ಷಪಾತ ಎನ್ನುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

7. ಯಾವ ಬಹುಮತ? ಯಾರಲ್ಲಿ ಬಹುಮತ?

ಇದೇ 36 ಮತವನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಶುಲ್ಕದ ಬದಲು ಬೈಲಾ ತಿದ್ದುವ ವಿಷಯ ಇತ್ತು, ಅದಕ್ಕೆ ಮೂರನೇ ಎರಡು ಭಾಗ ಬೇಕು ಎಂದಿಟ್ಟುಕೊಳ್ಳಿ. ಮತ ಹಾಕಿದವರಲ್ಲಿ ಎಂದಾದರೆ, ತಟಸ್ಥರನ್ನು ಬಿಟ್ಟು 48ರಲ್ಲಿ 32 ಬೇಕು. ಪಾಸು. ಹಾಜರಿದ್ದವರಲ್ಲಿ ಎಂದಾದರೆ 51ರಲ್ಲಿ 34 ಬೇಕು. ಆಗಲೂ ಪಾಸು. ಒಟ್ಟು ಸದಸ್ಯರಲ್ಲಿ ಎಂದಾದರೆ 96ರಲ್ಲಿ 64 ಬೇಕು. ಆಗ ಬಿದ್ದುಹೋಯಿತು, ಅದೂ ಭಾರಿ ಅಂತರದಿಂದ.

ಹಾಗಾಗಿ ವಿಶೇಷ ಬಹುಮತ ಬೇಕಾದ ಕಡೆ ಬೈಲಾದ ಎಷ್ಟನೇ ನಿಯಮ, ಅದರ ಪ್ರಕಾರ ಎಷ್ಟು ಮತ ಬೇಕಿತ್ತು, ಎಷ್ಟು ಬಂತು ಎಂದು ಮೂರನ್ನೂ ಬರೆಯಿರಿ. ಪಾಲಿನ ಲೆಕ್ಕದ ಸಂಘವಾದರೆ ಪರ ಹಾಕಿದ ಮನೆಗಳ ನಂಬರ್ ಮತ್ತು ಪಾಲು ಹಾಕಿದ ಪಟ್ಟಿಯನ್ನು ನಡಾವಳಿಗೆ ಲಗತ್ತಿಸಿ. ಆ 36 ಮನೆಗಳ ಪಾಲು ಕೂಡಿಸಿದಾಗ 38.6 ಶೇಕಡಾ ಬಂತು ಅನ್ನಿ. ಎದ್ದ ಕಾರ್ಡುಗಳಲ್ಲಿ ದೊಡ್ಡ ಬಹುಮತ ಕಂಡರೂ 51 ಮುಟ್ಟಿಲ್ಲ.

ಪದಗಳಲ್ಲೂ ಜಾಗ್ರತೆ. ಹಾಜರಿದ್ದ ಎಲ್ಲರೂ ಪರ ಹಾಕಿದರೆ ಮಾತ್ರ "ಸರ್ವಾನುಮತ". ವಿರೋಧ ಇಲ್ಲ, ಆದರೆ ಕೆಲವರು ತಟಸ್ಥ ಎಂದಾದರೆ "ಯಾರ ವಿರೋಧವೂ ಇಲ್ಲದೆ" ಎಂದು ಬರೆದು ತಟಸ್ಥರ ಸಂಖ್ಯೆ ಹಾಕಿ. ಉಳಿದದ್ದೆಲ್ಲ "ಬಹುಮತ". ಸಮ ಮತ ಬಿದ್ದು ಅಧ್ಯಕ್ಷರು ನಿರ್ಣಾಯಕ ಮತ ಹಾಕಿದರೆ ಅದನ್ನು ಬೇರೆ ಸಾಲಿನಲ್ಲಿ, ಯಾವ ನಿಯಮದ ಪ್ರಕಾರ ಎಂಬುದರ ಜೊತೆ ತೋರಿಸಿ. ಬಿದ್ದುಹೋದ ನಿರ್ಣಯವನ್ನೂ ಇಷ್ಟೇ ವಿವರವಾಗಿ ಬರೆಯಬೇಕು. ಸೋತದ್ದನ್ನು ಬಿಟ್ಟುಬಿಡುವ ಅಭ್ಯಾಸ ತುಂಬ ಜನರಿಗಿದೆ.

ಅಜೆಂಡಾದ ಕೊನೆಯಲ್ಲಿ "ಅಧ್ಯಕ್ಷರ ಅನುಮತಿಯಿಂದ ಇತರ ವಿಷಯಗಳು" ಅಂತ ಇರುತ್ತದಲ್ಲ, ಅದರ ಕೆಳಗೆ ಲಕ್ಷಾಂತರ ರೂಪಾಯಿಯ ಸೋಲಾರ್, ಪೇಂಟಿಂಗ್ ನಿರ್ಣಯ ಪಾಸು ಮಾಡಬೇಡಿ. ನೋಟಿಸಿನಲ್ಲಿ ಇಲ್ಲದ ವಿಷಯ ಎಂದು ಬರದಿದ್ದವರು ಪ್ರಶ್ನಿಸುತ್ತಾರೆ. "ಚರ್ಚಿಸಲಾಯಿತು, ಮುಂದಿನ ಸಭೆಯ ಅಜೆಂಡಾಗೆ ತರಲು ಸೂಚಿಸಲಾಯಿತು" ಎಂದಷ್ಟೇ ಬರೆಯಿರಿ. ಸಭೆ ಮುಗಿದ ಮೇಲೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ ಪೋಲ್‌ನ ಸಂಖ್ಯೆಯನ್ನು ಸಭೆಯ ಮತಕ್ಕೆ ಸೇರಿಸುವ ಹಾಗಂತೂ ಇಲ್ಲವೇ ಇಲ್ಲ.

8. ಕರಡು, ತಿದ್ದುವಿಕೆ, ಸಹಿ

ಕಂಪನಿಗಳಿಗೆ ಕಾನೂನಿನಲ್ಲಿ ನಡಾವಳಿ ಬರೆಯಲು 30 ದಿನ ಕೊಟ್ಟಿದ್ದಾರೆ. ನಿಮ್ಮ ಬೈಲಾದಲ್ಲಿ ಬೇರೆ ಗಡುವು ಇಲ್ಲದಿದ್ದರೂ ಅಷ್ಟು ಕಾಯಬೇಡಿ, ಒಂದು ವಾರದೊಳಗೆ ಕರಡು ಕಳಿಸಿ. 1960ರ ಕಾಯ್ದೆಯ ಸಂಘಗಳು ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಹೊಸ ಕಾರ್ಯಕಾರಿ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಡಾವಳಿ ಇನ್ನೂ ಕರಡಿನಲ್ಲೇ ಇದ್ದರೆ ಆ ಕೆಲಸವೂ ಹಿಂದೆ ಬೀಳುತ್ತದೆ.

ಕರಡು ಕಳಿಸುವಾಗ ಒಂದು ಮಾತು ಸ್ಪಷ್ಟವಾಗಿ ಬರೆಯಿರಿ: ಸಭೆಯಲ್ಲಿ ಆಗಿದ್ದನ್ನು ತಪ್ಪಾಗಿ ಬರೆದಿದ್ದರೆ ಮಾತ್ರ ತಿದ್ದುಪಡಿ ಹೇಳಿ. ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿದ್ದವರೂ ಮೇಲ್‌ನಲ್ಲಿ ಎರಡು ಪುಟ ವಾದ ಕಳಿಸಿ "ಇದನ್ನೂ ಸೇರಿಸಿ" ಎನ್ನುತ್ತಾರೆ. "ಅನುಮೋದಕರು ಬಿ-509 ಅಲ್ಲ, ಬಿ-609" ಎನ್ನುವುದು ತಿದ್ದಬೇಕಾದ ತಪ್ಪು. "ಈಗ ಯೋಚಿಸಿದರೆ 3.25 ಸಾಕಿತ್ತು" ಎನ್ನುವುದು ಮುಂದಿನ ಸಭೆಯ ಮಾತು.

ಪುಸ್ತಕದಲ್ಲಿ ಪುಟಗಳಿಗೆ ನಂಬರ್ ಇರಲಿ. ಪ್ರತಿ ಪುಟಕ್ಕೂ ಅಧ್ಯಕ್ಷರ ಚುಟುಕು ಸಹಿ, ಕೊನೆಯಲ್ಲಿ ಪೂರ್ತಿ ಸಹಿ ಮತ್ತು ತಾರೀಖು. ಕೊನೆಯ ಸಾಲಿನ ಕೆಳಗೆ ಖಾಲಿ ಉಳಿದರೆ ಅಡ್ಡಗೆರೆ ಎಳೆಯಿರಿ. ವೈಟ್ನರ್ ಬಳಸಲೇಬೇಡಿ. ಸಹಿಗೆ ಮೊದಲು ತಪ್ಪು ಕಂಡರೆ ಒಂದು ಗೆರೆ ಹೊಡೆದು, ಹಳೆಯದು ಓದಲು ಬರುವ ಹಾಗೆ ಬಿಟ್ಟು, ಮೇಲೆ ಸರಿಯಾದದ್ದು ಬರೆದು ಸಹಿ ಹಾಕಿ. ಸಹಿಯಾದ ಮೇಲೆ ಕಂಡ ತಪ್ಪನ್ನು ಹಳೆಯ ಪುಟದಲ್ಲಿ ಮುಟ್ಟಬೇಡಿ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದಿ ದೃಢಪಡಿಸುವಾಗ "ವಿಷಯ 4ರ ತಿದ್ದುಪಡಿಯಲ್ಲಿ ಅನುಮೋದಕರು ಬಿ-509 ಎಂಬುದನ್ನು ಬಿ-609 ಎಂದು ಓದಿಕೊಳ್ಳಬೇಕು" ಎಂದು ಹೊಸದಾಗಿ ದಾಖಲಿಸಿ. ಹಾಜರಿ ಪುಸ್ತಕದ ಪ್ರತಿ, ಪ್ರಾಕ್ಸಿ ಪತ್ರಗಳು, ಎಣಿಸಿದವರು ಸಹಿ ಹಾಕಿದ ಚೀಟಿ, ಇವನ್ನು ಅದೇ ಫೈಲಿನಲ್ಲಿಡಿ.

9. ಬ್ಯಾಂಕಿಗೆ ನಿರ್ಣಯದ ಪ್ರತಿ ಕೊಡುವಾಗ

ಪದಾಧಿಕಾರಿಗಳು ಬದಲಾದಾಗ ಖಾತೆಗೆ ಸಹಿ ಹಾಕುವವರ ಹೆಸರು ಬದಲಿಸಲು ಬ್ಯಾಂಕಿನವರು ನಿರ್ಣಯದ ದೃಢೀಕೃತ ಪ್ರತಿ ಕೇಳುತ್ತಾರೆ. ಅಂದರೆ ಪುಸ್ತಕದಲ್ಲಿರುವ ಆ ಒಂದು ನಿರ್ಣಯವನ್ನು ಲೆಟರ್‌ಹೆಡ್ಡಿನಲ್ಲಿ ಇಳಿಸಿ, "ಮೂಲದ ನಿಜಪ್ರತಿ" ಎಂದು ಸಹಿ ಹಾಕಿ ಕೊಡುವುದು. ಇಲ್ಲಿ ಪದಕ್ಕೆ ಪದ ಹೊಂದಬೇಕು. ಬ್ಯಾಂಕಿಗೆ ಬೇಕಾದ ಹಾಗೆ "ಇಬ್ಬರಲ್ಲಿ ಯಾರಾದರೂ ಒಬ್ಬರು" ಎಂದು ಪ್ರತಿಯಲ್ಲಿ ಹಾಕಿ, ಪುಸ್ತಕದಲ್ಲಿ "ಇಬ್ಬರೂ ಜಂಟಿಯಾಗಿ" ಎಂದಿದ್ದರೆ ಅದು ಸುಳ್ಳು ದಾಖಲೆ. ಹೆಸರುಗಳೂ ಪ್ಯಾನ್ ಕಾರ್ಡಿನಲ್ಲಿ ಇದ್ದಂತೆಯೇ ಇರಬೇಕು. ಇನಿಷಿಯಲ್ ಹಿಂದೆಮುಂದೆ ಆದರೂ ಕೌಂಟರಿನಿಂದ ವಾಪಸ್ ಕಳಿಸುತ್ತಾರೆ. ಆದ್ದರಿಂದ ಸಹಿದಾರರ ನಿರ್ಣಯ ಇರುವ ಸಭೆಗೆ ಹೋಗುವ ಮೊದಲೇ ಬ್ಯಾಂಕಿನಿಂದ ಅವರ ನಮೂನೆ ತಂದು, ಅದರ ಒಕ್ಕಣೆಯನ್ನೇ ಕರಡು ನಿರ್ಣಯದಲ್ಲಿ ಹಾಕಿ.